ಸುಟ್ಟ ಕಾಯಿಲ್ ಹಿಡಿದುಕೊಂಡೇ ವೇದಿಕೆ ಹತ್ತಿ

ಪ್ರಶ್ನೆ: ಮೇಡಂ, ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ನಾನು ಓದಿದ ಸರ್ಕಾರಿ ಹೈಸ್ಕೂಲಿನವರು ಹತ್ತನೇ ತರಗತಿ ಮಕ್ಕಳ ಬೀಳ್ಕೊಡುಗೆಗೆ ನನ್ನನ್ನು ಕರೆದಿದ್ದಾರೆ. ‘ಹದಿನೈದು ನಿಮಿಷ, ಸ್ಫೂರ್ತಿ ಬರುವ ಹಾಗೆ ಮಾತಾಡು’ ಅಂದಿದ್ದಾರೆ ಹೆಡ್ ಮಾಸ್ಟರ್. ನಾನು 2008ರಲ್ಲಿ ಗಣಿತದಲ್ಲಿ 19 ತೆಗೆದು ಫೇಲಾದವನು. ರಿಸಲ್ಟ್ ದಿನ ಸಂಜೆವರೆಗೂ ಬಸ್ ಸ್ಟ್ಯಾಂಡಿನಲ್ಲೇ ಕೂತಿದ್ದೆ, ಚಿಕ್ಕಪ್ಪ ಬಂದು ಕರೆದುಕೊಂಡು ಹೋದರು. ಜೂನ್‌ನಲ್ಲಿ ಮತ್ತೆ ಬರೆದು 41 ತೆಗೆದೆ. ಆಮೇಲೆ ಐಟಿಐ ಎಲೆಕ್ಟ್ರಿಷಿಯನ್ ಮಾಡಿದೆ. ಇದನ್ನು ಹೇಳಲೋ, ಮುಚ್ಚಿಡಲೋ? ‘ಫೇಲಾದರೂ ಪರವಾಗಿಲ್ಲ ಅಂತ ಮಕ್ಕಳು ತಿಳಿದುಕೊಂಡುಬಿಡ್ತಾರೆ’ ಅನ್ನುತ್ತಾಳೆ ನನ್ನ ಹೆಂಡತಿ. ಮೊಬೈಲಿನಲ್ಲಿ ಹುಡುಕಿದರೆ ಎಲ್ಲ ಭಾಷಣಗಳಲ್ಲೂ ಎಡಿಸನ್, ಐನ್‌ಸ್ಟೈನ್ ಕಥೆ. ನನ್ನಂಥವನು ಏನು ಮಾತಾಡಬೇಕು?

ಉತ್ತರ: ಹೇಳಿ. ಆದರೆ ಹೇಗೆ ಹೇಳುತ್ತೀರಿ ಅನ್ನುವುದರ ಮೇಲೆ ನಿಮ್ಮ ಹೆಂಡತಿಯವರ ಭಯ ನಿಜವಾಗುತ್ತದೋ ಇಲ್ಲವೋ ಅನ್ನುವುದು ನಿಂತಿದೆ. ಅವರು ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ, ಅದನ್ನು ತಳ್ಳಿಹಾಕಬೇಡಿ.

ನಾನು ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದೆ. ಆಮೇಲೆ ಹತ್ತನೇ ತರಗತಿ ಮುಗಿಸಿದ ಮಕ್ಕಳಿಗೆ ಮುಂದಿನ ದಾರಿ ಹೇಳುವ ಕೆಲಸ ಮಾಡುತ್ತಾ ಬಂದಿದ್ದೇನೆ. ಶುರುವಿನ ಎಷ್ಟೋ ಬೀಳ್ಕೊಡುಗೆಗಳಲ್ಲಿ ನಾನೂ ದೊಡ್ಡವರ ಕಥೆಯನ್ನೇ ಹೇಳಿದ್ದೆ. ಒಂದು ವರ್ಷ ಭಾಷಣ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಬಂದು, ‘ಮಿಸ್, ಅವರು ಫೇಲಾದರೂ ಜಾಣರೇ ಇದ್ದರಲ್ವಾ? ನಾನು ಜಾಣೆ ಅಲ್ಲ, ನಾನು ಫೇಲಾದರೆ ಏನು ಮಾಡಬೇಕು?’ ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಆ ಪ್ರಶ್ನೆಗೆ ಉತ್ತರ ಕೊಡುವುದೇ ಇಂಥ ಭಾಷಣದ ಕೆಲಸ ಅಂತ ನನಗೆ ಅವತ್ತು ಗೊತ್ತಾಯಿತು.

ಐನ್‌ಸ್ಟೈನ್ ಕಥೆಯನ್ನು ಬಿಟ್ಟುಬಿಡಿ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಅವರು ಗಣಿತದಲ್ಲಿ ಫೇಲಾಗಿದ್ದರು ಅನ್ನುವುದು ಸುಳ್ಳು. 1895ರಲ್ಲಿ ಜ್ಯೂರಿಕ್‌ನ ಪಾಲಿಟೆಕ್ನಿಕ್‌ನ ಪ್ರವೇಶ ಪರೀಕ್ಷೆ ಬರೆದಾಗ ಅವರಿಗೆ 16 ವರ್ಷ. ಉಳಿದವರಿಗಿಂತ ಎರಡು ವರ್ಷ ಚಿಕ್ಕವರು. ಗಣಿತ, ಭೌತಶಾಸ್ತ್ರ ಚೆನ್ನಾಗಿ ಮಾಡಿದ್ದರು, ಕೈಕೊಟ್ಟಿದ್ದು ಫ್ರೆಂಚ್ ಮತ್ತು ಇತರ ಸಾಮಾನ್ಯ ವಿಷಯಗಳು. ಆರೌ ಎಂಬ ಊರಿನ ಶಾಲೆಗೆ ಒಂದು ವರ್ಷ ಹೋಗಿ, ಅಲ್ಲಿ ಪಾಸಾಗಿ, 1896ರಲ್ಲಿ ಅದೇ ಪಾಲಿಟೆಕ್ನಿಕ್ ಸೇರಿದರು. ನೋಡಿ, ನಿಜವಾದ ಕಥೆಯೇ ನಿಮಗೆ ಹೆಚ್ಚು ಹತ್ತಿರದ್ದು. ಯಾವುದು ಹೋಯಿತು, ಎಲ್ಲಿ ಹೋಗಿ ಸರಿಮಾಡಿಕೊಂಡರು ಅನ್ನುವುದು ಅದರಲ್ಲಿದೆ. ಭಾಷಣಕಾರರು ಬಿಟ್ಟುಬಿಡುವುದು ಅದನ್ನೇ.

ಈಗ ನಿಮ್ಮ ಕಥೆಗೆ ಬರೋಣ. ನಿಮ್ಮ ಪತ್ರದಲ್ಲಿ 19 ಇದೆ, 41 ಇದೆ. ಅವೆರಡರ ನಡುವೆ ಏನಾಯಿತು ಅನ್ನುವುದು ಇಲ್ಲ. ಆ ಕೆಲವು ವಾರಗಳಲ್ಲಿ ನೀವು ಏನೋ ಬೇರೆ ಥರ ಮಾಡಿದ್ದೀರಿ. ಸುಮ್ನೆ ಅದೇ ಪುಸ್ತಕವನ್ನು ಮತ್ತೊಮ್ಮೆ ಓದಿದ್ದರೆ 19 ಇದ್ದದ್ದು 22 ಆಗುತ್ತಿತ್ತು. ಯಾರು ಹೇಳಿಕೊಟ್ಟರು? ಯಾವ ಲೆಕ್ಕ ಮೊದಲು ಹಿಡಿದಿರಿ? ಯಾವುದನ್ನು ಕೈಬಿಟ್ಟಿರಿ? ಭಾಷಣ ಬರೆಯಲು ಕೂರುವ ಮೊದಲು ಇದನ್ನು ನೆನಪು ಮಾಡಿಕೊಳ್ಳಿ. ನೆನಪಾಗದಿದ್ದರೆ ಚಿಕ್ಕಪ್ಪನನ್ನು ಕೇಳಿ. ಮಕ್ಕಳಿಗೆ ಬೇಕಾಗಿರುವುದು ಆ ನಡುವಿನ ದಿನಗಳೇ.

ಅದನ್ನು ತೋರಿಸಲು ನಿಮ್ಮ ಅಂಗಡಿಯಲ್ಲೇ ಸಾಮಾನು ಇದೆ. ನಾನಾಗಿದ್ದರೆ ಒಂದು ಸುಟ್ಟ ಸ್ಟೇಟರ್, ಅಂದರೆ ಮೋಟಾರಿನೊಳಗೆ ತಂತಿ ಸುತ್ತಿದ ಭಾಗ, ತೆಗೆದುಕೊಂಡು ಹೋಗುತ್ತಿದ್ದೆ.

ನಮ್ಮ ಮನೆಯ ಪಂಪ್‌ಸೆಟ್ ಒಂದೇ ಬೇಸಿಗೆಯಲ್ಲಿ ಎರಡು ಸಲ ಸುಟ್ಟಿತ್ತು. ಎರಡನೇ ಸಲ ಬೇರೆ ಅಂಗಡಿಗೆ ಹಾಕಿದೆವು. ಅಲ್ಲಿನವರು ಬಿಚ್ಚಿ ನನಗೆ ತೋರಿಸಿದರು. ಎರಡು ಫೇಸಿನ ಸುರುಳಿಗಳು ಇದ್ದಿಲಿನ ಹಾಗೆ ಕಪ್ಪು, ಮೂರನೇ ಫೇಸಿನದು ಮಾತ್ರ ಹೊಸದರ ಹಾಗೇ ಇತ್ತು. ‘ಮೇಡಂ, ಇದು ಸಿಂಗಲ್ ಫೇಸಿಂಗ್. ಒಂದು ಫೇಸ್ ಹೋಗಿದೆ, ಮೋಟಾರ್ ಉಳಿದ ಎರಡರ ಮೇಲೇ ಎಳೆದಿದೆ. ಓವರ್‌ಲೋಡ್ ಆಗಿದ್ದರೆ ಮೂರೂ ಒಂದೇ ಥರ ಕಪ್ಪಾಗಿರುತ್ತಿತ್ತು. ಮೊದಲ ಸಲ ಸುತ್ತಿದವರು ತಂತಿ ಚೆನ್ನಾಗೇ ಸುತ್ತಿದ್ದಾರೆ. ಆದರೆ ಸ್ಟಾರ್ಟರ್ ನೋಡಿಲ್ಲ’ ಅಂದರು. ಸ್ಟಾರ್ಟರಿನಲ್ಲಿ ಒಂದು ಕಾಂಟ್ಯಾಕ್ಟ್ ಸವೆದಿತ್ತು. ಅದನ್ನು ಬದಲಿಸಿದ ಮೇಲೆ ಮೋಟಾರ್ ಮತ್ತೆ ಸುಡಲಿಲ್ಲ.

ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ನಿಮ್ಮ ಎದುರು ಕೂರುವ ಮಕ್ಕಳಲ್ಲಿ ಜಾಸ್ತಿ ಜನ ರೈತರ ಮನೆಯವರೇ ಇರುತ್ತಾರೆ, ಅಲ್ವಾ? ಮೋಟಾರ್ ಸುಟ್ಟ ದಿನ ಮನೆಯಲ್ಲಿ ಅಪ್ಪನ ಮುಖ ಹೇಗಿರುತ್ತದೆ ಅನ್ನುವುದು ಅವರಿಗೆ ಗೊತ್ತು. ಆ ಸ್ಟೇಟರನ್ನು ಎತ್ತಿ ಹಿಡಿದು, ‘ಇದನ್ನು ನೋಡಿ ಯಾಕೆ ಸುಟ್ಟಿತು ಅಂತ ಹೇಳ್ತೀನಿ’ ಅನ್ನಿ. ಸುಟ್ಟ ವಾರ್ನಿಶ್ ವಾಸನೆ ಮುಂದಿನ ಸಾಲಿನವರ ಮೂಗಿಗೆ ಬಡಿಯಲಿ. ಕಾರಣ ನೋಡದೆ ತಂತಿ ಸುತ್ತಿದರೆ ಹೊಸ ತಾಮ್ರವೂ ಸುಡುತ್ತದೆ ಅಂತ ಹೇಳಿ. ಅಲ್ಲಿಂದ ನೇರವಾಗಿ ನಿಮ್ಮ 19ಕ್ಕೆ ಬನ್ನಿ.

‘ಬಿಡದೆ ಪ್ರಯತ್ನಿಸಿ’ ಅನ್ನುವ ಮಾತಿನಲ್ಲಿ ಇರುವ ಕೊರತೆಯೂ ಇದೇ. ಅದು ತಂತಿ ಸುತ್ತು ಅನ್ನುತ್ತದೆ, ಸ್ಟಾರ್ಟರ್ ನೋಡು ಅನ್ನುವುದಿಲ್ಲ. ಹಟ ಇದ್ದ ಮಕ್ಕಳೇ ಎರಡನೇ ಸಲವೂ ಫೇಲಾಗುವುದನ್ನು ನಾನು ನೋಡಿದ್ದೇನೆ. ಮೊದಲಿಗಿಂತ ಜಾಸ್ತಿ ಹೊತ್ತು ಓದಿರುತ್ತಾರೆ, ಆದರೆ ಅದೇ ರೀತಿ ಓದಿರುತ್ತಾರೆ. ಆಮೇಲೆ ‘ಇಷ್ಟು ಕಷ್ಟಪಟ್ಟರೂ ಆಗಲಿಲ್ಲ ಅಂದರೆ ನನ್ನ ತಲೆಯೇ ಸರಿಯಿಲ್ಲ’ ಅನ್ನುವ ತೀರ್ಮಾನಕ್ಕೆ ಬರುತ್ತಾರೆ.

ಪರೀಕ್ಷೆಯಲ್ಲಿ ಸ್ಟಾರ್ಟರ್ ನೋಡುವುದು ಅಂದರೆ ಏನು? ನನ್ನ ವಿದ್ಯಾರ್ಥಿಯೊಬ್ಬನ ವಿಷಯ ಹೇಳುತ್ತೇನೆ. ಗಣಿತದಲ್ಲಿ ಅವನಿಗೆ ಪಾಸಾಗಲು ಒಂಬತ್ತು ಅಂಕ ಕಡಿಮೆ ಬಿದ್ದಿತ್ತು. ಮಂಡಳಿಗೆ ಶುಲ್ಕ ಕಟ್ಟಿ ಉತ್ತರ ಪತ್ರಿಕೆಯ ನಕಲು ತರಿಸಿದೆವು. ಹತ್ತನೇ ತರಗತಿಯ ಮಕ್ಕಳಿಗೆ ಈ ಅವಕಾಶ ಇದೆ, ಮರು ಎಣಿಕೆ, ಮರು ಮೌಲ್ಯಮಾಪನ ಕೇಳುವುದಕ್ಕೂ ಅವಕಾಶ ಇದೆ. ಇಬ್ಬರೂ ಕೂತು ಪ್ರತಿ ಪುಟವನ್ನೂ ನೋಡಿದೆವು. ಸೂತ್ರ ಗೊತ್ತಿಲ್ಲದೆ ಹೋದ ಅಂಕ ಕಡಿಮೆ. ನಕ್ಷೆಯ ಲೆಕ್ಕವನ್ನು ಅವನು ಮುಟ್ಟಿಯೇ ಇರಲಿಲ್ಲ. ಪ್ರಮೇಯದ ಹೇಳಿಕೆ ಬರೆದು ಚಿತ್ರ ಬಿಡಿಸಿರಲಿಲ್ಲ. ಒಂದು ಕಷ್ಟದ ಲೆಕ್ಕಕ್ಕೆ ಎರಡೂವರೆ ಪುಟ ಬರೆದು ಹೊಡೆದುಹಾಕಿದ್ದ. ‘ಇದರಲ್ಲಿ ಎಷ್ಟು ಹೊತ್ತು ಹೋಯಿತು?’ ಅಂದೆ. ‘ಮುಕ್ಕಾಲು ಗಂಟೆ ಮೇಡಂ’ ಅಂದ.

ಅವನಿಗೆ ಗಣಿತ ಬರುವುದಿಲ್ಲ ಅಂತ ಊರೆಲ್ಲ ಹೇಳುತ್ತಿತ್ತು. ಅವನಿಗೆ ಬರದೇ ಇದ್ದದ್ದು ಒಂದು ಲೆಕ್ಕವನ್ನು ಬಿಟ್ಟು ಮುಂದೆ ಹೋಗುವುದು. ಮುಂದಿನ ಪರೀಕ್ಷೆಯವರೆಗೆ ದಿನಕ್ಕೊಂದು ನಕ್ಷೆ, ಎರಡು ಪ್ರಮೇಯ, ಸರಾಸರಿ ಕಂಡುಹಿಡಿಯುವ ಕೋಷ್ಟಕ ಇಷ್ಟನ್ನೇ ಮಾಡಿಸಿದೆ. ಒಂದು ಲೆಕ್ಕಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಕೊಡಬಾರದು ಅಂತ ಗಡಿಯಾರ ಇಟ್ಟು ಬರೆಸಿದೆ. ಪಾಸಾದ. ಇದೇ ಉಪಾಯ ಎಲ್ಲರಿಗೂ ಸರಿಹೋಗುತ್ತದೆ ಅಂತಲ್ಲ. ಗುಣಾಕಾರವೇ ಗಟ್ಟಿಯಿಲ್ಲದ ಮಗುವಿಗೆ ನಾಲ್ಕೈದು ವಾರ ಸಾಲುವುದಿಲ್ಲ, ಅವರಿಗೆ ಒಂದು ವರ್ಷವೇ ಬೇಕಾಗಬಹುದು. ಯಾವ ಸುರುಳಿ ಸುಟ್ಟಿದೆ ಅಂತ ನೋಡಿದ ಮೇಲೆಯೇ ಅದು ತಿಳಿಯುವುದು.

ದೊಡ್ಡ ಉದಾಹರಣೆ ಒಂದು ಬೇಕೇ ಬೇಕು ಅಂತ ಹೆಡ್ ಮಾಸ್ಟರ್ ಹೇಳಿದರೆ ಚಂದ್ರಯಾನ ತೆಗೆದುಕೊಳ್ಳಿ. 2023ರ ಆಗಸ್ಟ್ 23ರ ಸಂಜೆ ಆರು ಗಂಟೆಯ ಇಳಿಯುವಿಕೆಯನ್ನು ಈ ಮಕ್ಕಳೂ ನೋಡಿರುತ್ತಾರೆ. ಆದರೆ ‘2019ರಲ್ಲಿ ಸೋತರು, 2023ರಲ್ಲಿ ಗೆದ್ದರು’ ಅಂತ ಮುಗಿಸಬೇಡಿ. ನಡುವಿನ ನಾಲ್ಕು ವರ್ಷ ಏನು ಮಾಡಿದರು ಅನ್ನುವುದನ್ನು ಹೇಳಿ. ಮೊದಲ ಸಲ ಎಂಜಿನ್‌ಗಳು ಅಂದುಕೊಂಡಿದ್ದಕ್ಕಿಂತ ಹೆಚ್ಚು ಬಲ ಕೊಟ್ಟಿದ್ದವು, ಆ ತಪ್ಪು ಕೂಡುತ್ತಾ ಹೋಯಿತು. ಇಳಿಯಬೇಕಾದ ಜಾಗ ಅರ್ಧ ಕಿಲೋಮೀಟರ್ ಉದ್ದ, ಅರ್ಧ ಕಿಲೋಮೀಟರ್ ಅಗಲದ್ದು ಮಾತ್ರ. ಎರಡನೇ ಸಲ ಅದನ್ನು ಸುಮಾರು ನಾಲ್ಕು ಕಿಲೋಮೀಟರ್ ಉದ್ದ, ಎರಡೂವರೆ ಕಿಲೋಮೀಟರ್ ಅಗಲ ಮಾಡಿದರು. ಕಾಲುಗಳನ್ನು ಗಟ್ಟಿ ಮಾಡಿದರು, ಇಂಧನ ಹೆಚ್ಚಿಸಿದರು, ನಡುವಿನ ಐದನೇ ಎಂಜಿನ್ ತೆಗೆದೇ ಹಾಕಿದರು. ಇಸ್ರೋ ಅಧ್ಯಕ್ಷರಾಗಿದ್ದ ಸೋಮನಾಥ್ ಅವರು ಉಡಾವಣೆಗೆ ಮೊದಲೇ ಇದನ್ನೆಲ್ಲ ಬಹಿರಂಗವಾಗಿ ವಿವರಿಸಿದ್ದರು. ಏನೇನು ತಪ್ಪಬಹುದು ಅಂತ ಪಟ್ಟಿ ಮಾಡಿ, ತಪ್ಪಿದರೂ ಇಳಿಯುವ ಹಾಗೆ ಕಟ್ಟಿದ್ದೇವೆ ಅನ್ನುವುದು ಅವರ ಮಾತಿನ ಸಾರವಾಗಿತ್ತು. ಎರಡು ನಿಮಿಷ ಇದಕ್ಕೆ ಸಾಕು. ನಿಮ್ಮ ಸ್ಟೇಟರ್ ತೋರಿಸಿದ ಮೇಲೆ ಹೇಳಿದರೆ ಮಕ್ಕಳಿಗೆ ಥಟ್ಟನೆ ಅರ್ಥವಾಗುತ್ತದೆ.

ಇನ್ನು ನಿಮ್ಮ ಹೆಂಡತಿಯವರ ಮಾತು. ಫೇಲಾದವನು ವೇದಿಕೆ ಮೇಲೆ ನಗುತ್ತಾ ನಿಂತು, ‘ನಾನೂ ಫೇಲಾಗಿದ್ದೆ, ಈಗ ನೋಡಿ ಸ್ವಂತ ಅಂಗಡಿ’ ಅಂದರೆ ಮಕ್ಕಳಿಗೆ ಕೇಳಿಸುವುದು ಅವರು ಹೆದರಿದ ಹಾಗೆಯೇ. ಅದು ನೀವು ಫೇಲಾದದ್ದನ್ನು ಹೇಳಿದ್ದರಿಂದ ಆಗುವುದಲ್ಲ, ಅದಕ್ಕೆ ತೆತ್ತದ್ದನ್ನು ಹೇಳದೆ ಬಿಟ್ಟಿದ್ದರಿಂದ ಆಗುವುದು. ಬಸ್ ಸ್ಟ್ಯಾಂಡಿನ ಸಂಜೆ ಹೇಳಿ. ಗೆಳೆಯರೆಲ್ಲ ಕಾಲೇಜಿಗೆ ಅರ್ಜಿ ಹಾಕುವಾಗ ನೀವೆಲ್ಲಿದ್ದಿರಿ, ಆ ಬೇಸಿಗೆಯಲ್ಲಿ ಯಾವ ಮದುವೆಗೆ ಹೋಗಲಿಲ್ಲ, ಅಪ್ಪ ಎಷ್ಟು ದಿನ ಮಾತು ಬಿಟ್ಟಿದ್ದರು, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಜಾಸ್ತಿ ಮಾಡಬೇಡಿ, ಕಡಿಮೆಯನ್ನೂ ಮಾಡಬೇಡಿ.

ಪೂರ್ತಿ ಮುಚ್ಚಿಡುವುದೂ ಒಂದು ದಾರಿ. ಅದರಲ್ಲಿ ಅಪಾಯ ಕಡಿಮೆ ಅಂತ ಕಾಣುತ್ತದೆ. ಆದರೆ ನಿಮ್ಮದು ಸಣ್ಣ ಊರು. ನೀವು ಫೇಲಾದದ್ದು ನಿಮ್ಮ ಜೊತೆ ಓದಿದವರಿಗೆ ಗೊತ್ತು, ಅವರ ಮಕ್ಕಳೇ ಮುಂದೆ ಕೂತಿರಬಹುದು. ಮುಚ್ಚಿಟ್ಟರೆ ಫೇಲಾಗುವುದು ಮುಚ್ಚಿಡಬೇಕಾದ ವಿಷಯ ಅನ್ನುವುದನ್ನೇ ಅವರು ಕಲಿಯುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ತುಂಬಾ ಎಚ್ಚರ ಬೇಕು. ಬೀಳ್ಕೊಡುಗೆ ನಡೆಯುವುದು ಪರೀಕ್ಷೆಗೆ ಮುಂಚೆ. ಇನ್ನೂ ಯಾರೂ ಫೇಲಾಗಿಲ್ಲ. ಹೆದರಿದ ಮಕ್ಕಳು ಎದುರಿಗಿರುತ್ತಾರೆ. ಫಲಿತಾಂಶದ ದಿನ ಜೀವ ಕಳೆದುಕೊಂಡ ಮಕ್ಕಳ ಸುದ್ದಿಯನ್ನು ಉದಾಹರಣೆಯಾಗಿ ಎತ್ತಲೇಬೇಡಿ, ‘ಹಾಗೆ ಮಾಡಬೇಡಿ’ ಅಂತ ಬುದ್ಧಿ ಹೇಳುವುದಕ್ಕೂ ಬೇಡ. ಅದರ ಬದಲು ಅವತ್ತು ಏನು ಮಾಡಬೇಕು ಅಂತ ಹೇಳಿ. ‘ರಿಸಲ್ಟ್ ನೋಡುವಾಗ ಒಬ್ಬರೇ ಇರಬೇಡಿ. ಮನೆಗೆ ಹೋಗಲು ಹೆದರಿಕೆಯಾದರೆ ಯಾರ ಮನೆಗೆ ಹೋಗಬೇಕು ಅಂತ ಇವತ್ತೇ ಒಬ್ಬರ ಹೆಸರು ಅಂದುಕೊಳ್ಳಿ. ನನಗೆ ಚಿಕ್ಕಪ್ಪ ಇದ್ದರು.’ ಇಷ್ಟು ಸಾಕು. ಟೆಲಿ ಮಾನಸ್ ಸಹಾಯವಾಣಿ 14416, ಮಕ್ಕಳ ಸಹಾಯವಾಣಿ 1098. ಎರಡಕ್ಕೂ ದುಡ್ಡಿಲ್ಲದೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಈ ಎರಡು ನಂಬರನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಿ.

ಮರುಪರೀಕ್ಷೆಯ ಮಾಹಿತಿಯನ್ನೂ ಸ್ಪಷ್ಟವಾಗಿ ಕೊಡಿ. ನಿಮ್ಮ ಕಾಲದ ಜೂನ್ ಪೂರಕ ಪರೀಕ್ಷೆ ಈಗ ಆ ಹೆಸರಿನಲ್ಲಿಲ್ಲ. 2024ರಿಂದ ಪರೀಕ್ಷೆ-1, ಪರೀಕ್ಷೆ-2 ಅಂತ ಒಂದೇ ವರ್ಷದಲ್ಲಿ ಮತ್ತೆ ಬರೆಯುವ ವ್ಯವಸ್ಥೆ ಬಂದಿದೆ. ಫೇಲಾದ ವಿಷಯವನ್ನಷ್ಟೇ ಬರೆದರೆ ಸಾಕು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು, ಎರಡರಲ್ಲಿ ಯಾವುದು ಹೆಚ್ಚೋ ಅದು ಉಳಿಯುತ್ತದೆ. ಈ ವರ್ಷದ ದಿನಾಂಕ, ಪಾಸಾಗಲು ಬೇಕಾದ ಅಂಕ, ನಕಲು ತರಿಸುವ ಶುಲ್ಕ ಇವನ್ನು ಹೆಡ್ ಮಾಸ್ಟರ್ ಹತ್ತಿರ ಬರೆಸಿಕೊಂಡು ಹೋಗಿ. ನಿಯಮಗಳು ಆಗಾಗ ಬದಲಾಗುತ್ತವೆ, ನೆನಪಿನ ಮೇಲೆ ಹೇಳಬೇಡಿ.

ದಾರಿ ಆರಿಸಿಕೊಳ್ಳುವ ವಿಷಯಕ್ಕೆ ಬಂದರೆ, ‘ಮನಸ್ಸಿಗೆ ಇಷ್ಟವಾದದ್ದನ್ನು ಮಾಡಿ’ ಅನ್ನುವ ಮಾತು ಹದಿನಾರರ ಮಕ್ಕಳಿಗೆ ನೆರವಾಗುವುದನ್ನು ನಾನು ಕಂಡದ್ದು ಕಡಿಮೆ. ಅವರು ನೋಡಿರುವ ಕೆಲಸಗಳೇ ನಾಲ್ಕೈದು. ನೋಡದೇ ಇರುವುದು ಇಷ್ಟವಾಗುವುದು ಹೇಗೆ? ನೀವೂ ಐಟಿಐ ಸೇರಿದ್ದು ಎಲೆಕ್ಟ್ರಿಷಿಯನ್ ಕೆಲಸದ ಮೇಲಿನ ಆಸೆಯಿಂದಲೋ, ಸೀಟು ಸಿಕ್ಕಿತು ಅಂತಲೋ? ಸೀಟು ಸಿಕ್ಕಿದ್ದಕ್ಕೇ ಆದರೆ ಹಾಗೇ ಹೇಳಿ. ಕೆಲಸದ ಮೇಲೆ ಪ್ರೀತಿ ಆಮೇಲೆ ಯಾವಾಗ ಹುಟ್ಟಿತು ಅಂತ ಹೇಳಿ. ಮೊದಲ ಸಲ ಒಬ್ಬರೇ ಸುತ್ತಿದ ಮೋಟಾರ್ ತಿರುಗಿದ ದಿನವೇ ಇರಬಹುದು.

ನಾನು ಮಕ್ಕಳಿಗೆ ಹೇಳುವುದು ಬಾಗಿಲುಗಳ ಲೆಕ್ಕ. ಯಾವ ದಾರಿ ಹಿಡಿದರೆ ಮುಂದೆ ಯಾವ ಬಾಗಿಲು ತೆರೆದಿರುತ್ತದೆ, ಯಾವುದು ಮುಚ್ಚುತ್ತದೆ ಅನ್ನುವುದು. ಪಿಯುಸಿಯಲ್ಲಿ ವಿಜ್ಞಾನ ಓದಿದವರು ಆಮೇಲೆ ಬಿಕಾಂ, ಬಿಎ ಕಡೆ ಹೋಗಬಹುದು. ಕಲಾ ವಿಭಾಗ ಓದಿದವರು ಎಂಜಿನಿಯರಿಂಗ್‌ಗೆ ನೇರವಾಗಿ ಬರಲು ಆಗುವುದಿಲ್ಲ. ಅದನ್ನು ಕೇಳಿ ಎಲ್ಲರೂ ವಿಜ್ಞಾನಕ್ಕೆ ನುಗ್ಗುತ್ತಾರೆ, ಅಲ್ಲೇ ಎಡವುತ್ತಾರೆ. ಗಣಿತದಲ್ಲಿ ಕಷ್ಟಪಟ್ಟು ಪಾಸಾದ ಹುಡುಗ ಅಪ್ಪನ ಮಾತಿಗೆ ವಿಜ್ಞಾನ ತೆಗೆದುಕೊಂಡು, ಪ್ರಥಮ ಪಿಯುಸಿಯಲ್ಲೇ ನಿಂತುಬಿಡುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ತೆರೆದ ಬಾಗಿಲು ಇದ್ದರೆ ಸಾಲದು, ಅಲ್ಲಿಯವರೆಗೆ ನಡೆಯಲು ಆಗಬೇಕು.

ನಿಮ್ಮ ಬಾಯಲ್ಲಿ ಹೇಳಿದರೆ ಹೆಚ್ಚು ತೂಕ ಬರುವ ಮಾತು ಇನ್ನೊಂದಿದೆ. ಐಟಿಐ ಅಂದರೆ ಓದು ಅಲ್ಲಿಗೇ ಮುಗಿಯಿತು ಅನ್ನುವುದು ತಪ್ಪು. ಎರಡು ವರ್ಷದ ಐಟಿಐ ಮುಗಿಸಿದವರು ಪಾಲಿಟೆಕ್ನಿಕ್ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು. ಇದು ಸುತ್ತಿನ ದಾರಿ, ನಿಜ. ಐಟಿಐನಿಂದ ಬಂದವರಿಗೆ ಡಿಪ್ಲೊಮಾದ ಗಣಿತ, ಇಂಗ್ಲಿಷ್ ಎರಡೂ ಮೊದಲ ಆರು ತಿಂಗಳು ಭಾರವಾಗುತ್ತವೆ, ಅಲ್ಲಿ ಬಿಟ್ಟು ಬರುವವರೂ ಇದ್ದಾರೆ. ಆದರೆ ದಾರಿ ಇದೆ. ಆ ಸಭೆಯಲ್ಲಿ ಕೂತ ಮಕ್ಕಳಲ್ಲಿ ಇದು ಗೊತ್ತಿರುವವರು ಕಡಿಮೆ, ಅವರ ಮನೆಯವರಲ್ಲಿ ಇನ್ನೂ ಕಡಿಮೆ. ಮಾತಾಡುವಾಗ ಹುಡುಗಿಯರು ಕೂತ ಕಡೆಗೂ ನೋಡಿ ಹೇಳಿ. ರಿವೈಂಡಿಂಗ್ ಅಂದ ಕೂಡಲೇ ‘ಇದು ನಮಗಲ್ಲ’ ಅಂತ ಅವರು ಕಿವಿ ಮುಚ್ಚಿಕೊಳ್ಳುತ್ತಾರೆ. ಅವರಿಗೂ ಐಟಿಐ, ಪಾಲಿಟೆಕ್ನಿಕ್ ಎರಡರಲ್ಲೂ ಸೀಟು ಇದೆ.

ಮಾತಿನ ರೀತಿ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಪುಸ್ತಕದ ಭಾಷೆ ಬೇಡ, ನಿಮ್ಮ ಅಂಗಡಿಯ ಭಾಷೆಯಲ್ಲೇ ಶುರು ಮಾಡಿ. ‘ತಮ್ಮಾ, ತಂಗೀ, ನಾ ಇದೇ ಸಾಲ್ಯಾಗ ಕಲ್ತಾಂವ. ಗಣಿತದಾಗ ಹತ್ತೊಂಬತ್ತು ತಗದಾಂವ’ ಅಂದರೆ ಸಭೆ ಸುಮ್ಮನಾಗುತ್ತದೆ. ವಂದನೆ, ಸನ್ಮಾನ, ಗಣ್ಯರ ಹೆಸರು ಎಲ್ಲ ಒಂದೇ ವಾಕ್ಯದಲ್ಲಿ ಮುಗಿಸಿ. ಹದಿನೈದು ನಿಮಿಷ ಅಂದಿದ್ದಾರೆ, ನೀವು ಹನ್ನೆರಡಕ್ಕೆ ತಯಾರಾಗಿ. ನಿಮಗಿಂತ ಮುಂಚೆ ಮೂರು ಜನ ಮಾತಾಡಿರುತ್ತಾರೆ, ಮಕ್ಕಳು ಹಸಿದಿರುತ್ತಾರೆ. ಸ್ಟೇಟರ್ ಮತ್ತು ನಿಮ್ಮ 19ಕ್ಕೆ ಐದು ನಿಮಿಷ ಕೊಡಿ. 19 ಹೇಗೆ 41 ಆಯಿತು ಅನ್ನುವುದಕ್ಕೆ ಮೂರು. ಉಳಿದದ್ದು ಬಾಗಿಲುಗಳಿಗೆ ಮತ್ತು ಆ ನಂಬರುಗಳಿಗೆ. ಚಂದ್ರಯಾನ ಸೇರಿಸಿದರೆ ಅದಕ್ಕೂ ಇದರೊಳಗೇ ಜಾಗ ಮಾಡಿಕೊಳ್ಳಬೇಕು. ‘ಯಾರಿಗಾದರೂ ಪ್ರಶ್ನೆ ಇದೆಯಾ’ ಅಂತ ಮೈಕಿನಲ್ಲಿ ಕೇಳಬೇಡಿ, ಯಾರೂ ಎದ್ದು ನಿಲ್ಲುವುದಿಲ್ಲ. ವೇದಿಕೆ ಇಳಿದು ಸ್ಟೇಟರನ್ನು ಒಂದು ಬೆಂಚಿನ ಮೇಲೆ ಇಟ್ಟು ಪಕ್ಕದಲ್ಲಿ ನಿಂತುಕೊಳ್ಳಿ. ಮುಟ್ಟಿ ನೋಡಲು ಬರುತ್ತಾರೆ. ಕೇಳಬೇಕಾದದ್ದನ್ನು ಆಗ ಕೇಳುತ್ತಾರೆ.

ಕೊನೆಗೆ ಒಂದು ಕೆಲಸ, ಇದು ಭಾಷಣದಲ್ಲಿ ಇಲ್ಲ. ಫಲಿತಾಂಶ ಬರುವ ದಿನ ಹೊರಗಿನ ಕೆಲಸ ಒಪ್ಪಿಕೊಳ್ಳಬೇಡಿ. ಬೆಳಿಗ್ಗೆಯಿಂದ ಅಂಗಡಿಯಲ್ಲೇ ಇರಿ, ಒಂದು ಸ್ಟೂಲು ಜಾಸ್ತಿ ಹಾಕಿಡಿ. ‘ಅವತ್ತು ನಾನು ಅಂಗಡಿಯಲ್ಲಿರ್ತೀನಿ, ಯಾರು ಬೇಕಾದರೂ ಬರಬಹುದು’ ಅಂತ ಬೀಳ್ಕೊಡುಗೆಯ ದಿನವೇ ಮಕ್ಕಳಿಗೆ ಹೇಳಿಬನ್ನಿ. ಸಂಜೆ ಬಾಗಿಲು ಹಾಕಿದ ಮೇಲೆ ಬಸ್ ಸ್ಟ್ಯಾಂಡಿನ ಕಡೆಗೂ ಒಮ್ಮೆ ಹೋಗಿ ಬನ್ನಿ.